ಮೈನಸ್ 6 ಕನ್ನಡಕ: 1.74 ಗಾಜಿಗೆ ದುಡ್ಡು ಹಾಕೋ ಮುಂಚೆ ಫ್ರೇಮ್ ಅಳೆದು ನೋಡಿ

ಪ್ರಶ್ನೆ: ಸರ್, ನನಗೆ 29 ವರ್ಷ, ಎರಡೂ ಕಣ್ಣಿಗೂ ಮೈನಸ್ 6, ದಿನಕ್ಕೆ ಒಂಬತ್ತು ಗಂಟೆ ಕಂಪ್ಯೂಟರ್ ಮುಂದೆ ಕೂರ್ತೀನಿ. ಇಷ್ಟ ಆಗಿರೋ ಫ್ರೇಮ್ ಸ್ವಲ್ಪ ದೊಡ್ಡದು, ಕಡ್ಡಿ ಒಳಗೆ 54-18-140 ಅಂತ ಬರ್ದಿದೆ. ಅಂಗಡಿಯವ್ರು ನಿಮ್ಮ ಪವರ್‌ಗೆ 1.74 ಗಾಜೇ ಆಗ್ಬೇಕು, ನೀಲಿ ಬೆಳಕು ತಡೆಯೋ ಬ್ಲೂ ಕಟ್ ಇಲ್ಲಾಂದ್ರೆ ಸ್ಕ್ರೀನ್‌ನಿಂದ ಕಣ್ಣು ಹಾಳಾಗುತ್ತೆ ಅಂತಾರೆ. ಈಗಿರೋ ಕನ್ನಡಕದಲ್ಲಿ ಸಂಜೆ ಆದ್ರೆ ತಲೆನೋವು ಬೇರೆ. ಏನು ತಗೊಳ್ಳಲಿ? ಅಂಗಡಿ ನಂಬಬಹುದಾ ಅಂತ ಹೇಗೆ ಗೊತ್ತಾಗುತ್ತೆ?

ಉತ್ತರ: ಮೊದ್ಲು ಆ ಫ್ರೇಮ್ ವಾಪಸ್ ಇಟ್ಬಿಡಿ. ಬೇಜಾರಾಗುತ್ತೆ ಗೊತ್ತು, ಆದ್ರೆ ನಿಮ್ಮ ಪವರ್‌ನಲ್ಲಿ ಗಾಜು ಎಷ್ಟು ದಪ್ಪ ಆಗುತ್ತೆ ಅನ್ನೋದನ್ನ 1.74 ಅಥವಾ 1.67 ಅನ್ನೋ ಇಂಡೆಕ್ಸ್‌ಗಿಂತ, ಅಂದ್ರೆ ಗಾಜು ಬೆಳಕನ್ನ ಎಷ್ಟು ಬಗ್ಗಿಸುತ್ತೆ ಅಂತ ಹೇಳೋ ನಂಬರ್‌ಗಿಂತ, ಜಾಸ್ತಿ ತೀರ್ಮಾನ ಮಾಡೋದು ಫ್ರೇಮೇ, ಆದ್ರೆ ಅಂಗಡೀಲಿ ಇದನ್ನ ಯಾರೂ ಬಿಡಿಸಿ ಹೇಳಲ್ಲ, ಯಾಕಂದ್ರೆ ಚಿಕ್ಕ ಫ್ರೇಮ್ ತಗೊಳ್ಳಿ ಅಂದ್ರೆ ದುಬಾರಿ ಗಾಜು ಮಾರೋಕಾಗಲ್ಲ.

ಕಡ್ಡಿ ಒಳಗಿನ ಆ ನಂಬರಲ್ಲಿ 54 ಅಂದ್ರೆ ಒಂದು ಗಾಜಿನ ಅಗಲ, 18 ಅಂದ್ರೆ ಮೂಗಿನ ಮೇಲೆ ಎರಡು ಗಾಜಿನ ನಡುವಿನ ಜಾಗ, 140 ಕಡ್ಡಿ ಉದ್ದ, ಎಲ್ಲಾ ಮಿಲಿಮೀಟರ್‌ನಲ್ಲಿ. 54ಕ್ಕೆ 18 ಕೂಡಿಸಿದ್ರೆ 72. ಅಂದ್ರೆ ಫ್ರೇಮ್‌ನ ಎರಡು ಗಾಜಿನ ನಡುಬಿಂದುಗಳ ಮಧ್ಯೆ 72 ಮಿಮೀ ದೂರ ಇದೆ. ಇನ್ನು ನಿಮ್ಮ ಎರಡು ಕಣ್ಣಿನ ಪಾಪೆಗಳ ಮಧ್ಯದ ದೂರ, ಅದನ್ನ ಪಿಡಿ ಅಂತೀವಿ, ನೀವು ಬರೆದಿಲ್ಲ, 64 ಅಂತ ಇಟ್ಕೊಳ್ಳೋಣ, ದೊಡ್ಡವರ ಸರಾಸರಿ ಅದರ ಆಸುಪಾಸಲ್ಲೇ ಇರುತ್ತೆ. 72ರಲ್ಲಿ 64 ಕಳೆದ್ರೆ 8, ಎರಡು ಕಣ್ಣಿಗೆ ಹಂಚಿದ್ರೆ ಒಂದೊಂದಕ್ಕೆ 4 ಮಿಮೀ. ಅಂದ್ರೆ ಈ ಫ್ರೇಮ್ ಹಾಕ್ಕೊಂಡಾಗ ನಿಮ್ಮ ಕಣ್ಣು ಗಾಜಿನ ನಡುವಲ್ಲಿ ಇರಲ್ಲ, 4 ಮಿಮೀ ಮೂಗಿನ ಕಡೆ ಇರುತ್ತೆ. ಹಾಗಾಗಿ ಗಾಜಿನ ಪವರ್‌ನ ಕೇಂದ್ರಬಿಂದುವನ್ನೂ 4 ಮಿಮೀ ಮೂಗಿನ ಕಡೆ ಸರಿಸಿ ಕಟ್ ಮಾಡ್ಬೇಕು.

ಮೈನಸ್ ಗಾಜು ನಡುವೆ ತೆಳ್ಳಗೆ, ಅಂಚಿಗೆ ಹೋದ ಹಾಗೆ ದಪ್ಪ. ಎಷ್ಟು ದಪ್ಪ ಅನ್ನೋದು ಕೇಂದ್ರದಿಂದ ಅಂಚಿಗಿರೋ ದೂರದ ವರ್ಗದ ಮೇಲೆ ಹೋಗುತ್ತೆ, ಅಂದ್ರೆ ದೂರ ಸ್ವಲ್ಪ ಜಾಸ್ತಿಯಾದ್ರೂ ದಪ್ಪ ಸಿಕ್ಕಾಪಟ್ಟೆ ಏರುತ್ತೆ. ನಿಮ್ಮ 54ರ ಫ್ರೇಮ್‌ನಲ್ಲಿ ಕಿವಿ ಕಡೆ ಅಂಚು ಕೇಂದ್ರದಿಂದ 27 ಪ್ಲಸ್ 4, ಒಟ್ಟು 31 ಮಿಮೀ ದೂರ. ಅದೇ 48-18 ಫ್ರೇಮ್ ತಗೊಂಡ್ರೆ 66ರಲ್ಲಿ 64 ಕಳೆದು ಒಂದು ಕಣ್ಣಿಗೆ 1 ಮಿಮೀ ಮಾತ್ರ, ಅಂಚು 24 ಪ್ಲಸ್ 1, 25 ಮಿಮೀ ದೂರ. 31ಕ್ಕೂ 25ಕ್ಕೂ ನೋಡೋಕೆ ಏನ್ ಮಹಾ ವ್ಯತ್ಯಾಸ ಅನ್ಸುತ್ತೆ, ಆದ್ರೆ ವರ್ಗ ಮಾಡಿದ್ರೆ ಒಂದು 961, ಇನ್ನೊಂದು 625.

ಲೆಕ್ಕ ಹಾಕೋ ರೀತಿ ಸುಲಭ. ಆ ವರ್ಗಕ್ಕೆ ಪವರ್ ಗುಣಿಸಿ, ಇಂಡೆಕ್ಸ್‌ನಲ್ಲಿ ಒಂದು ಕಳೆದು ಅದನ್ನ 2000ದಿಂದ ಗುಣಿಸಿದ ಸಂಖ್ಯೆಯಿಂದ ಭಾಗಿಸಿ, ಬಂದಿದ್ದಕ್ಕೆ ಗಾಜಿನ ನಡುವಿನ ದಪ್ಪ ಸೇರಿಸಿ. ಮಾಮೂಲಿ 1.5 ಗಾಜಿಗೆ ನಡುದಪ್ಪ 2 ಮಿಮೀ, ಹೈ ಇಂಡೆಕ್ಸ್‌ಗೆ 1.3 ಅಂತ ಹಿಡಿದಿದೀನಿ. ನಿಮ್ಮ ದೊಡ್ಡ ಫ್ರೇಮ್‌ನಲ್ಲಿ ಮಾಮೂಲಿ ಗಾಜು ಹಾಕಿದ್ರೆ ಅಂಚು ಹತ್ರತ್ರ 7.8 ಮಿಮೀ ಬರುತ್ತೆ, ಸೋಡಾ ಬಾಟ್ಲಿ ತಳ ಅಂತಾರಲ್ಲ ಅದೇ. 1.67 ಹಾಕಿದ್ರೆ 5.6, 1.74 ಹಾಕಿದ್ರೆ 5.2. ಈಗ 48ರ ಫ್ರೇಮ್ ನೋಡಿ, 1.60 ಹಾಕಿದ್ರೇನೇ 4.4 ಬರುತ್ತೆ, 1.67ಕ್ಕೆ 4.1, 1.74ಕ್ಕೆ 3.8. ಅಂದ್ರೆ ಚಿಕ್ಕ ಫ್ರೇಮ್‌ನಲ್ಲಿ 1.60 ಗಾಜು, ದೊಡ್ಡ ಫ್ರೇಮ್‌ನ 1.74ಗಿಂತ ತೆಳ್ಳಗೆ! ಇದು ಅಂದಾಜು ಲೆಕ್ಕ, ಗಾಜಿನ ಬಾಗು ಮತ್ತೆ ಫ್ರೇಮ್ ಆಕಾರ ನೋಡ್ಕೊಂಡು ಅರ್ಧ ಮಿಮೀ ಆಚೀಚೆ ಆಗಬಹುದು, ಆದ್ರೆ ಯಾವುದು ಮೇಲೆ ಯಾವುದು ಕೆಳಗೆ ಅನ್ನೋದು ಬದಲಾಗಲ್ಲ. ಇನ್ನೊಂದು ಗಮನಿಸಿ, ಒಂದೇ ಫ್ರೇಮ್‌ನಲ್ಲಿ 1.67ರಿಂದ 1.74ಕ್ಕೆ ಹೋದ್ರೆ ಸಿಗೋದು ಅರ್ಧ ಮಿಮೀಗೂ ಕಮ್ಮಿ, ಎರಡರ ನಡುವೆ ಬಿಲ್‌ನಲ್ಲಿ ಇರೋ ವ್ಯತ್ಯಾಸ ಮಾತ್ರ ಅರ್ಧ ಮಿಮೀ ಥರ ಇರಲ್ಲ.

ಮುಖ ಅಗಲ ಇದೆ, 48 ಹಾಕಿದ್ರೆ ಚಿಕ್ಕ ಮಕ್ಕಳ ಕನ್ನಡಕ ಥರ ಕಾಣುತ್ತೆ ಅಂದ್ರೆ ಗಾಜು ದೊಡ್ಡದು ಮಾಡ್ಬೇಡಿ, ಮೂಗಿನ ಜಾಗ ಅಗಲ ಇರೋದು, ಕಡ್ಡಿ ಸೇರೋ ಮೂಲೆ ಹೊರಗೆ ಚಾಚಿರೋದು ಹುಡುಕಿ. 48-22 ಸಿಕ್ಕಿದ್ರೂ ಅಂಚು 27 ಮಿಮೀ ದೂರ, 1.60ರಲ್ಲಿ 4.9 ಬರುತ್ತೆ, ಈಗ್ಲೂ ನಿಮ್ಮ 54ರ 1.74ಗಿಂತ ಕಮ್ಮೀನೇ. ಆಕಾರ ದುಂಡಗೆ ಅಥವಾ ಮೂಲೆ ದುಂಡಾಗಿರೋ ಚೌಕ ಆದ್ರೆ ಒಳ್ಳೇದು, ಮೂಲೆ ಚೂಪಾಗಿ ಮೇಲೆದ್ದಿರೋ ಶೇಪ್‌ನಲ್ಲಿ ಆ ಮೂಲೇಲೇ ದಪ್ಪ ಎದ್ದು ಕಾಣುತ್ತೆ. ದಪ್ಪ ಪ್ಲಾಸ್ಟಿಕ್ ಶೆಲ್ ಫ್ರೇಮ್ ಅಂಚನ್ನ ಸುಮಾರಾಗಿ ಮುಚ್ಚಿಕೊಳ್ಳುತ್ತೆ. ರಿಮ್‌ಲೆಸ್ ನಿಮಗೆ ಬೇಡ್ವೇ ಬೇಡ, ಅಂಚೆಲ್ಲಾ ಬಯಲಾಗಿ ಕಾಣುತ್ತೆ.

ಹಾಗಾದ್ರೆ 1.60 ಸಾಕಾ 1.67 ಬೇಕಾ? ನಾನಾದ್ರೆ ಚಿಕ್ಕ ಫ್ರೇಮ್‌ನಲ್ಲಿ 1.60ಕ್ಕೇ ನಿಲ್ತೀನಿ. ಇಂಡೆಕ್ಸ್ ಏರಿಸಿದ್ರೆ ಬರೀ ಲಾಭ ಅಲ್ಲ, ಕಳ್ಕೊಳ್ಳೋದೂ ಇದೆ. ಗಾಜು ಬೆಳಕನ್ನ ಬಣ್ಣಬಣ್ಣವಾಗಿ ಎಷ್ಟು ಒಡೆಯುತ್ತೆ ಅನ್ನೋದಕ್ಕೆ ಅಬ್ಬೆ ನಂಬರ್ ಅಂತ ಒಂದಿದೆ, ಅದು ಜಾಸ್ತಿ ಇದ್ದಷ್ಟೂ ಒಳ್ಳೇದು. ಮಾಮೂಲಿ 1.5, ಅಂದ್ರೆ ಸಿಆರ್-39 ಅನ್ನೋ ಪ್ಲಾಸ್ಟಿಕ್ ಗಾಜಿಗೆ 58, ಒಳ್ಳೆ 1.60ಕ್ಕೆ 41ರ ಹತ್ರ, 1.67 ಮತ್ತು 1.74ಕ್ಕೆ 32-33, ಪಾಲಿಕಾರ್ಬೊನೇಟ್‌ಗೆ 30. ಕಮ್ಮಿ ಆದ್ರೆ ಏನಾಗುತ್ತೆ? ಕತ್ತು ತಿರುಗಿಸದೆ ಕಣ್ಣು ಮಾತ್ರ ಪಕ್ಕಕ್ಕೆ ಹೊರಳಿಸಿ ಸ್ಕ್ರೀನ್‌ನ ಅಂಚಲ್ಲಿರೋ ಅಕ್ಷರ ಓದಿದ್ರೆ ಅಕ್ಷರದ ಒಂದು ಪಕ್ಕ ನೀಲಿ, ಇನ್ನೊಂದು ಪಕ್ಕ ಕೆಂಪು ಹಳದಿ ಗೆರೆ ಕಾಣುತ್ತೆ, ಮಸುಕಾದಂಗಿರುತ್ತೆ. ಅಗಲ ಮಾನಿಟರ್ ಮುಂದೆ ಒಂಬತ್ತು ಗಂಟೆ ಕೂರೋ ನಿಮಗೆ ಇದು ಗೊತ್ತಾಗೇ ಆಗುತ್ತೆ. ಪಾಲಿಕಾರ್ಬೊನೇಟ್ ಪೆಟ್ಟು ತಡೆಯೋದ್ರಲ್ಲಿ ಗಟ್ಟಿಗ, ಮಕ್ಕಳಿಗೆ, ಆಟ ಆಡೋರಿಗೆ ಅದೇ ಸರಿ, ಆದ್ರೆ ಮೈನಸ್ 6 ಹಾಕ್ಕೊಂಡು ಆಫೀಸ್ ಕೆಲಸ ಮಾಡೋರಿಗೆ ನಾನು ಕೊಡಲ್ಲ.

ಈಗ ನಿಮ್ಮ ಸಂಜೆ ತಲೆನೋವಿನ ವಿಷಯ. ಇದಕ್ಕೆ ಕಾರಣ ಹತ್ತಾರು ಇರಬಹುದು, ಪವರ್ ಬದಲಾಗಿರಬಹುದು, ಕಣ್ಣು ಒಣಗ್ತಿರಬಹುದು, ಆದ್ರೆ ನಿಮ್ಮ ಪವರ್‌ನಲ್ಲಿ ನಾನು ಮೊದ್ಲು ನೋಡೋದು ಕೇಂದ್ರ ಸರಿಯಾಗಿ ಕೂತಿದ್ಯಾ ಅಂತ. ಮೇಲೆ ಹೇಳಿದ 4 ಮಿಮೀ ಸರಿಸದೆ ಗಾಜನ್ನ ಫ್ರೇಮ್‌ನ ನಡುವಿಗೇ ಕೂರಿಸಿಬಿಟ್ರೆ ನೀವು ನೋಡೋದು ಕೇಂದ್ರದಿಂದ ಅಲ್ಲ, ಪಕ್ಕದಿಂದ, ಅಲ್ಲಿ ಗಾಜು ಪ್ರಿಸಮ್ ಥರ ಬೆಳಕನ್ನ ತಿರುಗಿಸುತ್ತೆ. ಎಷ್ಟು ಅಂದ್ರೆ ಸೆಂಟಿಮೀಟರ್‌ನಲ್ಲಿ ದೂರ ಗುಣಿಸು ಪವರ್, 0.4 ಗುಣಿಸು 6, ಒಂದು ಕಣ್ಣಿಗೆ 2.4, ಎರಡೂ ಸೇರಿ 4.8 ಪ್ರಿಸಮ್. ಒಂದು ಪ್ರಿಸಮ್ ಅಂದ್ರೆ ಒಂದು ಮೀಟರ್ ದೂರದಲ್ಲಿರೋದು ಒಂದು ಸೆಂಟಿಮೀಟರ್ ಪಕ್ಕಕ್ಕೆ ಕಾಣೋದು. ಎರಡು ಚಿತ್ರ ಒಂದಾಗಿ ಕಾಣ್ಬೇಕಾದ್ರೆ ದೂರ ನೋಡುವಾಗ ನಿಮ್ಮ ಕಣ್ಣುಗಳು ಹೊರಕ್ಕೆ ತಿರುಗ್ಬೇಕು, ಕಣ್ಣಿಗೆ ಒಳಕ್ಕೆ ತಿರುಗೋ ಅಭ್ಯಾಸ ಇದೆ, ಹೊರಕ್ಕೆ ತಿರುಗೋ ತಾಕತ್ತು ತುಂಬಾ ಕಮ್ಮಿ. ಪವರ್ ಕರೆಕ್ಟಾಗಿ ಇರುತ್ತೆ, ಅಕ್ಷರ ಸ್ಪಷ್ಟ ಕಾಣುತ್ತೆ, ಆದ್ರೂ ಸಂಜೆ ಹೊತ್ತಿಗೆ ಹಣೆ ಸಿಡಿಯುತ್ತೆ. ಅಂಗಡಿಗೆ ಹೋದ್ರೆ ಪವರ್ ಚೆಕ್ ಮಾಡಿ ಸರಿ ಇದೆಯಲ್ಲ, ಅಭ್ಯಾಸ ಆಗುತ್ತೆ ಬಿಡಿ ಅಂತಾರೆ.

ಇದು ಯಾವಾಗ್ಲೂ ಅಜಾಗರೂಕತೆಯಿಂದ ಆಗೋದಲ್ಲ. ಗಾಜು ಅಂಗಡಿಗೆ ಬರೋದು ದುಂಡಗಿನ ಬಿಲ್ಲೆಯಾಗಿ, ಜಾಸ್ತಿ ಮೈನಸ್ ಇರೋವು ಎಷ್ಟೋ ಸಲ 65 ಮಿಮೀ ವ್ಯಾಸದಲ್ಲಿ ಬರುತ್ತೆ. 54ರ ಫ್ರೇಮ್ ಉದ್ದದ ಮೂಲೆಯಿಂದ ಮೂಲೆಗೆ 58 ಇದೆ ಅನ್ನಿ, ಅದಕ್ಕೆ 4 ಮಿಮೀ ಸರಿಸಿದ್ದರ ಎರಡರಷ್ಟು, ಅಂದ್ರೆ 8 ಸೇರಿಸಿ, ಒಟ್ಟು 66, ಉಜ್ಜೋಕೆ ಇನ್ನೊಂದೆರಡು ಮಿಮೀ ಬೇಕು. ಬಿಲ್ಲೆ ಸಾಲಲ್ಲ. ಆಗ ಕಟ್ ಮಾಡೋನು ಬೇರೆ ಬಿಲ್ಲೆ ತರಿಸೋ ಬದಲು ಕೇಂದ್ರವನ್ನೇ ಎರಡು ಮೂರು ಮಿಮೀ ಹೊರಕ್ಕೆ ತಳ್ಳಿ ಹೊಂದಿಸಿಬಿಡ್ತಾನೆ. ದೊಡ್ಡ ಫ್ರೇಮ್ ಮೇಲೆ ನನಗೆ ಇರೋ ಸಿಟ್ಟಿಗೆ ಇದೂ ಒಂದು ಕಾರಣ.

ನಿಮ್ಮ ಹಳೇ ಕನ್ನಡಕವನ್ನ ಮನೇಲೇ ಚೆಕ್ ಮಾಡಿ. ಕನ್ನಡಕ ಬಿಚ್ಚಿ ಕಣ್ಣಿಂದ ಒಂದಡಿ ದೂರ ನೇರವಾಗಿ ಹಿಡಿದು, ಒಂದೇ ಕಣ್ಣಲ್ಲಿ ಬಾಗಿಲ ಚೌಕಟ್ಟಿನ ನೆಟ್ಟನೆ ಅಂಚನ್ನ ಒಂದು ಗಾಜಿನ ಮೂಲಕ ನೋಡಿ. ಗಾಜಿನೊಳಗೆ ಕಾಣೋ ಗೆರೆ ಮತ್ತೆ ಗಾಜಿನ ಮೇಲೆ ಕೆಳಗೆ ಹೊರಗೆ ಕಾಣೋ ಗೆರೆ ಮುರಿದಂಗೆ ಇರುತ್ತೆ, ಕನ್ನಡಕವನ್ನ ಎಡಬಲ ನಿಧಾನಕ್ಕೆ ಸರಿಸ್ತಾ ಹೋದ್ರೆ ಒಂದು ಜಾಗದಲ್ಲಿ ಗೆರೆ ಮುರಿಯದೆ ಒಂದೇ ಸಮ ಆಗುತ್ತೆ. ಆ ಗೆರೆ ಗಾಜಲ್ಲಿ ಎಲ್ಲಿ ಹಾದಿದೆಯೋ ಅಲ್ಲಿ ಮಾರ್ಕರ್ ಪೆನ್ನಲ್ಲಿ ಚುಕ್ಕೆ ಇಡಿ, ಅದೇ ಕೇಂದ್ರ. ಇನ್ನೊಂದು ಗಾಜಿಗೂ ಹಾಗೇ ಮಾಡಿ ಎರಡು ಚುಕ್ಕೆ ನಡುವೆ ಸ್ಕೇಲ್ ಇಟ್ಟು ಅಳೀರಿ. ಬಂದಿದ್ದು ನಿಮ್ಮ ಪಿಡಿಗೆ ಒಂದೆರಡು ಮಿಮೀ ಒಳಗೆ ಇದ್ರೆ ಸರಿ. 64ರ ಬದಲು 69, 70 ಬಂದ್ರೆ ತಲೆನೋವಿನ ಮೂಲ ಸಿಕ್ಕಂಗೇ. ಪಿಡಿ ಗೊತ್ತಿಲ್ಲಾಂದ್ರೆ ಕನ್ನಡಿ ಮುಂದೆ ನಿಂತು ಹುಬ್ಬಿನ ಮೇಲೆ ಸ್ಕೇಲ್ ಹಿಡ್ಕೊಂಡು, ಎಡಗಣ್ಣು ಮುಚ್ಚಿ ಸೊನ್ನೆಯನ್ನ ಬಲಗಣ್ಣಿನ ಪಾಪೆ ನಡುವಿಗೆ ಸೇರಿಸಿ, ತಲೆ ಸ್ಕೇಲ್ ಎರಡೂ ಅಲ್ಲಾಡಿಸದೆ ಬಲಗಣ್ಣು ಮುಚ್ಚಿ ಎಡ ಪಾಪೆ ಎಲ್ಲಿ ಬಂತು ಓದ್ಕೊಳ್ಳಿ, ಮೂರು ಸಲ ಮಾಡಿ. ಮೈನಸ್ 6ರಲ್ಲಿ ಕನ್ನಡಕ ಇಲ್ಲದೆ ಸ್ಕೇಲ್ ಓದೋಕೆ ಕಷ್ಟ ಆದ್ರೆ ಕನ್ನಡಿಗೆ ತೀರಾ ಹತ್ರ ಹೋಗ್ಬೇಕಾಗುತ್ತೆ, ಇಲ್ಲಾ ಬೇರೆಯವರ ಕೈಲಿ ಅಳೆಸಿ, ಆದ್ರೆ ಅವ್ರು ಅಳೆಯುವಾಗ ನೀವು ದೂರದ ಗೋಡೆ ನೋಡ್ತಿರ್ಬೇಕು. ನಾನು ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಇದೇ ತಪ್ಪು ಮಾಡಿದ್ದೆ, ಮೈನಸ್ 8 ಇದ್ದ ಒಬ್ಬರು ನನ್ನ ಮುಖಾನೇ ನೋಡ್ತಾ ಕೂತಿದ್ರು, ನಾನು ಸ್ಕೇಲ್ ಹಿಡಿದು ಅಳೆದು ಬರ್ಕೊಂಡೆ. ಹತ್ತಿರ ನೋಡುವಾಗ ಪಾಪೆಗಳು ಒಳಕ್ಕೆ ಬರುತ್ವೆ, ಪಿಡಿ ಮೂರು ನಾಲ್ಕು ಮಿಮೀ ಕಮ್ಮಿ ತೋರಿಸುತ್ತೆ. ಒಂದು ವಾರಕ್ಕೆ ಕನ್ನಡಕ ವಾಪಸ್ ಬಂತು, ಹೊಸ ಗಾಜಿನ ದುಡ್ಡು ನನ್ನ ಸಂಬಳದಲ್ಲಿ ಹೋಯ್ತು.

ಕೋಟಿಂಗ್‌ಗೆ ಬರೋಣ. ಇದರಲ್ಲಿ ನಿಜವಾಗ್ಲೂ ಬೇಕಾಗಿರೋದು ಆಂಟಿ ರಿಫ್ಲೆಕ್ಷನ್, ಎಆರ್ ಅಂತೀವಿ. ಮಾಮೂಲಿ 1.5 ಗಾಜು ಎರಡೂ ಮೈ ಸೇರಿ ಸುಮಾರು 8 ಪರ್ಸೆಂಟ್ ಬೆಳಕನ್ನ ಹೊಳೆಸಿ ವಾಪಸ್ ಕಳಿಸುತ್ತೆ, 1.67 ಆದ್ರೆ 12 ಪರ್ಸೆಂಟ್. ಅಂದ್ರೆ ಇಂಡೆಕ್ಸ್ ಏರಿದಷ್ಟೂ ಪ್ರತಿಫಲನ ಜಾಸ್ತಿ, ರಾತ್ರಿ ಎದುರು ಗಾಡಿ ಹೆಡ್‌ಲೈಟ್ ಎರಡೆರಡಾಗಿ ಕಾಣೋದು, ಹಿಂದಿನ ಟ್ಯೂಬ್‌ಲೈಟ್ ಗಾಜಲ್ಲಿ ಹೊಳೆಯೋದು ಇದ್ರಿಂದಾನೇ. ಒಳ್ಳೆ ಎಆರ್ ಇದನ್ನ ಒಂದೆರಡು ಪರ್ಸೆಂಟ್‌ಗೆ ಇಳಿಸುತ್ತೆ. ಇದೆಯಾ ಇಲ್ವಾ ನೋಡೋದು ಸುಲಭ, ಟ್ಯೂಬ್‌ಲೈಟ್ ಕೆಳಗೆ ಗಾಜನ್ನ ಓರೆ ಮಾಡಿ, ಬಿಂಬ ಬೆಳ್ಳಗೆ ಪ್ರಖರವಾಗಿ ಕಂಡ್ರೆ ಎಆರ್ ಇಲ್ಲ, ಬರೀ ಗೀರು ತಡೆಯೋ ಹಾರ್ಡ್ ಕೋಟ್. ಮಂಕಾಗಿ ಹಸಿರು ಅಥವಾ ನೀಲಿ ಛಾಯೆಯಲ್ಲಿ ಕಂಡ್ರೆ ಇದೆ. ಎರಡೂ ಗಾಜಲ್ಲಿ ಒಂದೇ ಬಣ್ಣ ಬರ್ಬೇಕು, ಒಂದು ಹಸಿರು ಒಂದು ನೇರಳೆ ಆದ್ರೆ ಎರಡು ಬೇರೆ ಬೇರೆ ಕಡೆಯಿಂದ ಬಂದ ಗಾಜು ಅಂತ ಅರ್ಥ. ಇದರ ಮೇಲೆ ನೀರು, ಎಣ್ಣೆ ಅಂಟದ ಒಂದು ಪದರ ಇದ್ರೆ ಒರೆಸೋದು ಸಲೀಸು, ಕೊಡೋ ದುಡ್ಡಿಗೆ ಮೋಸ ಇಲ್ಲ. ಕೋಟಿಂಗ್ ಹಾಳಾಗೋದು ಜಾಸ್ತಿ ಶಾಖದಿಂದ, ಬಿಸಿಲಲ್ಲಿ ನಿಂತ ಕಾರಲ್ಲಿ ಬಿಟ್ರೆ, ಬಿಸಿನೀರಲ್ಲಿ ತೊಳೆದ್ರೆ ಗಾಜಿನ ಮೈ ಹಿಗ್ಗಿದಷ್ಟು ಕೋಟಿಂಗ್ ಹಿಗ್ಗಲ್ಲ, ಜೇಡರ ಬಲೆ ಥರ ಸೀಳು ಬೀಳುತ್ತೆ. ಅದನ್ನ ಒರೆಸಿ ತೆಗೆಯೋಕಾಗಲ್ಲ.

ಬ್ಲೂ ಕಟ್ ಬಗ್ಗೆ ಹೇಳ್ಬೇಕಂದ್ರೆ, ಕಣ್ಣಿನ ಆಯಾಸಕ್ಕೆ ಅಂತ ತಗೋಬೇಡಿ. 2023ರಲ್ಲಿ ವೈದ್ಯಕೀಯ ಸಂಶೋಧನೆಗಳನ್ನ ಒಟ್ಟು ಹಾಕಿ ಪರಿಶೀಲಿಸೋ ಕಾಕ್ರೇನ್ ಸಂಸ್ಥೆಯವರು 17 ಪ್ರಯೋಗಗಳನ್ನ ಒಟ್ಟಿಗೆ ಇಟ್ಟು ನೋಡಿದ್ರು, ಬ್ಲೂ ಕಟ್ ಹಾಕ್ಕೊಂಡೋರಿಗೂ ಹಾಕ್ಕೊಳ್ಳದೋರಿಗೂ ಕಂಪ್ಯೂಟರ್ ಕೆಲಸದ ಆಯಾಸದಲ್ಲಿ ಅಲ್ಪಾವಧೀಲಿ ವ್ಯತ್ಯಾಸ ಇರೋ ಹಾಗೆ ಕಾಣಲಿಲ್ಲ. ರೆಟಿನಾ ಉಳಿಯುತ್ತೆ ಅನ್ನೋದಕ್ಕೂ ಅವರಿಗೆ ಆಧಾರ ಸಿಗಲಿಲ್ಲ. ಅಮೆರಿಕದ ಕಣ್ಣಿನ ಡಾಕ್ಟರ್‌ಗಳ ಅಕಾಡೆಮಿ ಕೂಡ ಕಂಪ್ಯೂಟರ್‌ಗೆ ಅಂತ ಇದನ್ನ ಶಿಫಾರಸು ಮಾಡಲ್ಲ. ಮನೆಯಿಂದ ಆಚೆ ಬಂದು ಆಕಾಶ ನೋಡಿದ್ರೆ ಕಣ್ಣಿಗೆ ಬೀಳೋ ನೀಲಿ ಬೆಳಕಿನ ಮುಂದೆ ಸ್ಕ್ರೀನ್‌ದು ಲೆಕ್ಕಕ್ಕೇ ಇಲ್ಲ.

ಅಂಗಡೀಲಿ ನಿಮಗೆ ಒಂದು ಆಟ ತೋರಿಸಿರ್ತಾರೆ, ನೀಲಿ ಲೇಸರ್ ಪೆನ್ನು, ಒಂದು ಕಾರ್ಡು. ಮಾಮೂಲಿ ಗಾಜಿನ ಮೂಲಕ ಬಿಟ್ರೆ ಕಾರ್ಡ್ ಮೇಲೆ ಗುರುತು ಬೀಳುತ್ತೆ, ಬ್ಲೂ ಕಟ್ ಗಾಜಿನ ಮೂಲಕ ಬಿಟ್ರೆ ಬೀಳಲ್ಲ, ನೋಡಿ ಸರ್ ಹೇಗೆ ತಡೀತು ಅಂತಾರೆ. ಆ ಪೆನ್ನಿನ ಬೆಳಕು ಸಾಮಾನ್ಯವಾಗಿ 405 ನ್ಯಾನೋಮೀಟರ್, ನೇರಳೆ, ಯುವಿ ಪಕ್ಕದ್ದು. ನಿಮ್ಮ ಎಲ್ಇಡಿ ಸ್ಕ್ರೀನ್ ನೀಲಿ ಜಾಸ್ತಿ ಇರೋದು 450ರ ಆಸುಪಾಸು, ಅಲ್ಲಿ ಈ ಗಾಜುಗಳು ತಡೆಯೋದು ಸ್ವಲ್ಪಾನೇ. ಪೂರ್ತಿ ತಡೆದ್ರೆ ಗಾಜು ಕಡು ಹಳದಿ ಆಗಿ ಯಾರೂ ಹಾಕ್ಕೊಳ್ಳಲ್ಲ. ಹಾಗಾಗಿ ಆ ಆಟ ಸುಳ್ಳಲ್ಲ, ಆದ್ರೆ ಅದು ಸಾಬೀತು ಮಾಡೋದು ನಿಮ್ಮ ಸ್ಕ್ರೀನ್ ಬಗ್ಗೆ ಅಲ್ಲ. ಯುವಿ ತಡೆಯುತ್ತೆ ಅಂತ ಹೇಳಿದ್ರೆ, 1.60 ಮತ್ತು ಮೇಲಿನ ಗಾಜುಗಳು ಬಹುಪಾಲು ಯುವಿಯನ್ನ ತಾವೇ ತಡೆಯುತ್ವೆ, ಬ್ಲೂ ಕಟ್ ಬೇಕಿಲ್ಲ. ಅದೇ ಬೆಲೆಗೆ ಜೊತೇಲೇ ಬಂದ್ರೆ ಬಂದ್ಕೊಳ್ಳಲಿ, ತೊಂದ್ರೆ ಇಲ್ಲ, ಸ್ವಲ್ಪ ಹಳದಿ ಛಾಯೆ ಇರುತ್ತೆ, ಫೋಟೋ ಬಣ್ಣ ಸರಿಮಾಡೋ ಕೆಲಸ ನಿಮ್ದಾಗಿದ್ರೆ ಮಾತ್ರ ಬೇಡ. ಸ್ಕ್ರೀನ್ ಮುಂದೆ ಕಣ್ಣು ಉರಿಯೋದು ನಾವು ರೆಪ್ಪೆ ಹೊಡೆಯೋದೇ ಮರೆತುಬಿಡ್ತೀವಲ್ಲ ಅದ್ರಿಂದ, ಮಾನಿಟರ್ ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗಿಡಿ, ರೆಪ್ಪೆ ಅರ್ಧ ಇಳಿದಿದ್ರೆ ಕಣ್ಣು ಬೇಗ ಒಣಗಲ್ಲ.

ಅಂಗಡಿ ಹೇಗೆ ಗುರುತಿಸೋದು ಅಂದ್ರೆ, ಷೋರೂಮ್ ಎಷ್ಟು ಥಳಥಳ ಅಂತಿದೆ ಅಂತ ನೋಡ್ಬೇಡಿ, ನಿಮ್ಮ ಮುಖ ಎಷ್ಟು ಸಲ ಅಳೆದ್ರು ನೋಡಿ. ಒಳ್ಳೆಯವ್ರು ಪಿಡಿಯನ್ನ ಒಟ್ಟಿಗೆ 64 ಅಂತ ಬರೆಯಲ್ಲ, ಮೂಗಿನ ನಡುವಿಂದ ಒಂದೊಂದು ಕಣ್ಣಿಗೆ ಬೇರೆ ಬೇರೆ ಬರೀತಾರೆ, 31.5, 32.5 ಹೀಗೆ, ಯಾಕಂದ್ರೆ ಮೂಗು ಎಲ್ಲರದ್ದೂ ಸರಿಯಾಗಿ ನಡುವಲ್ಲಿ ಇರಲ್ಲ. ಆಮೇಲೆ ಆರಿಸಿದ ಫ್ರೇಮನ್ನ ಮೊದ್ಲು ನಿಮ್ಮ ಮೂಗಿಗೆ ಕಿವಿಗೆ ಹೊಂದಿಸಿ, ಹಾಕಿಸಿ, ಅದರ ಡಮ್ಮಿ ಗಾಜಿನ ಮೇಲೆ ಪಾಪೆ ಎಲ್ಲಿ ಬರುತ್ತೆ ಅಂತ ಪೆನ್ನಲ್ಲಿ ಚುಕ್ಕೆ ಹಾಕ್ತಾರೆ. ಚುಕ್ಕೆ ಹಾಕದೆ ಫ್ರೇಮ್ ಡಬ್ಬಿಗೆ ಹಾಕಿ ನಾಳಿದ್ದು ಬನ್ನಿ ಅಂದ್ರೆ, ನೀವೇ ಕೇಳಿ, ಪಾಪೆಯ ಎತ್ತರ ಹೇಗೆ ತಗೊಂಡ್ರಿ ಅಂತ. ಅಂಚಿನ ಕಡೆ ಬಾಗು ಬದಲಾಗೋ ಅಸ್ಫೆರಿಕ್ ಗಾಜು ಆದ್ರಂತೂ ಕೇಂದ್ರ ತಪ್ಪಿದ್ರೆ ಇನ್ನೂ ಕಿರಿಕಿರಿ.

ಆರ್ಡರ್ ಕೊಡುವಾಗ ಬಿಲ್‌ನಲ್ಲಿ ಕಂಪನಿ ಹೆಸರು, ಇಂಡೆಕ್ಸ್, ಕೋಟಿಂಗ್ ಹೆಸರು ಮೂರೂ ಬರೆಸಿ, ಬರೀ ಹೈ ಇಂಡೆಕ್ಸ್ ಬ್ಲೂ ಅಂತ ಬರೆದ್ರೆ ಒಪ್ಪಬೇಡಿ. ಗಾಜು ಬಂದ ಕಾಗದದ ಕವರ್ ಇಟ್ಕೊಂಡಿರಿ, ನನಗೆ ಬೇಕು ಅಂತ ಮೊದ್ಲೇ ಹೇಳಿ, ಅದರ ಮೇಲೆ ಪವರ್, ಇಂಡೆಕ್ಸ್, ವ್ಯಾಸ ಎಲ್ಲಾ ಅಚ್ಚಾಗಿರುತ್ತೆ. ಕವರ್ ಬಿಸಾಕಿಬಿಟ್ವಿ ಅನ್ನೋ ಅಂಗಡಿಗೆ ನಾನು ಎರಡನೇ ಸಲ ಹೋಗಲ್ಲ.

ತಗೊಳ್ಳೋಕೆ ಹೋದ ದಿನ ನಿಮ್ಮೆದುರಿಗೇ ಗಾಜಿನ ಪವರ್ ಅಳೆಯೋ ಲೆನ್ಸೋಮೀಟರ್‌ಗೆ ಹಾಕಿ ತೋರಿಸಿ ಅನ್ನಿ, ಎರಡು ನಿಮಿಷದ ಕೆಲಸ. ಪವರ್ ಬರೆದಿದ್ದಕ್ಕಿಂತ 0.12ರ ಒಳಗೆ ಆಚೀಚೆ ಇರಬಹುದು, ಅದಕ್ಕಿಂತ ಜಾಸ್ತಿ ಆದ್ರೆ ಬೇಡ. ಆಮೇಲೆ ಅದೇ ಯಂತ್ರದಲ್ಲಿ ಎರಡೂ ಕೇಂದ್ರಕ್ಕೆ ಚುಕ್ಕೆ ಹಾಕಿಸಿ ಮಧ್ಯೆ ಸ್ಕೇಲ್ ಇಡಿಸಿ. ಈ ಒಂದು ಮಾತು ಕೇಳಿದಾಗ ಅವರ ಮುಖ ನೋಡಿ, ಖುಷಿಯಾಗಿ ಮಾಡಿಕೊಟ್ರೆ ಅದು ನಿಮ್ಮ ಅಂಗಡಿ, ಇದೆಲ್ಲಾ ಯಾಕೆ ಅಂತ ಗೊಣಗಿದ್ರೆ ನಿಮಗೆ ಉತ್ತರ ಸಿಕ್ತು.

ಹೊಸ ಕನ್ನಡಕ ಹಾಕಿದ ಮೊದಲ ಮೂರು ನಾಲ್ಕು ದಿನ ನೆಲ ಸ್ವಲ್ಪ ಬೇರೆ ಥರ ಕಾಣೋದು ಮಾಮೂಲಿ. ಹತ್ತು ದಿನ ಆದ್ಮೇಲೂ ಸಂಜೆ ತಲೆನೋವು ಬಂದ್ರೆ ಬಾಗಿಲ ಚೌಕಟ್ಟಿನ ಟೆಸ್ಟ್ ಮತ್ತೆ ಮಾಡಿ, ಅದರಲ್ಲಿ ಕೇಂದ್ರ ಸರಿ ಬಂದ್ರೆ ಅಂಗಡಿ ಬಿಟ್ಟು ಕಣ್ಣಿನ ಡಾಕ್ಟರ್ ಹತ್ರ ಹೋಗಿ. ಮೈನಸ್ 6 ಅನ್ನೋದು ಹೈ ಮಯೋಪಿಯಾ, ಅಂದ್ರೆ ತೀವ್ರ ಸಮೀಪದೃಷ್ಟಿಯ ಗಡಿ, ವರ್ಷಕ್ಕೊಂದ್ಸಲ ಡ್ರಾಪ್ಸ್ ಹಾಕಿಸಿ ರೆಟಿನಾ ನೋಡಿಸಿಕೊಳ್ಳೋದು ಹೇಗಿದ್ರೂ ಬೇಕು, ಮಧ್ಯೆ ಯಾವತ್ತಾದ್ರೂ ಕಣ್ಣಲ್ಲಿ ಮಿಂಚು ಹೊಡೆದಂಗಾದ್ರೆ, ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳು ತೇಲಾಡಿದ್ರೆ ಅಥವಾ ಪರದೆ ಇಳಿದಂಗೆ ಕಂಡ್ರೆ ಅವತ್ತೇ ಹೋಗ್ಬೇಕು, ನಾಳೆ ಅನ್ನಬೇಡಿ.